ಒಬ್ಬನೇ ನಟ, ಎರಡು ಕುರ್ಚಿ, ನಡುವೆ ಒಂದು ತಟ್ಟೆ ಮಂಡಕ್ಕಿ

ಒಬ್ಬನೇ ನಟ ಅಣ್ಣನೂ ಆಗಿ ತಮ್ಮನೂ ಆಗಿ ಎದುರುಬದುರು ಕೂತು ಮಾತಾಡುವ ದೃಶ್ಯ ಬಂದಾಗ ನಾವೆಲ್ಲ ಮೊದಲು ಹುಡುಕುವುದು ನಡುವಿನ ಗೆರೆಯನ್ನು. ಎರಡು ಚಿತ್ರಗಳನ್ನು ಎಲ್ಲಿ ಕೂಡಿಸಿದ್ದಾರೆ, ಗೋಡೆಯ ಬಣ್ಣ ಎಲ್ಲಾದರೂ ಬದಲಾಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಆದರೆ ಆ ಗೆರೆಯನ್ನು ಅಡಗಿಸುವುದು ಈಗ ಅಷ್ಟು ಕಷ್ಟದ ಕೆಲಸವಲ್ಲ. ಕಾಲೇಜು ಹುಡುಗರು ಲ್ಯಾಪ್‌ಟಾಪಿನಲ್ಲೇ ಮಾಡಿ ಮುಗಿಸುತ್ತಾರೆ. ಗೆರೆ ಎಲ್ಲೂ ಕಾಣದಿದ್ದರೂ ಎಷ್ಟೋ ದ್ವಿಪಾತ್ರದ ದೃಶ್ಯಗಳು ಮನಸ್ಸಿಗೆ ಒಗ್ಗುವುದಿಲ್ಲ. ಅಣ್ಣ ಮುಂದಕ್ಕೆ ಬಾಗಿದರೂ ತಮ್ಮನ ಕಣ್ಣು ಹಿಂದಿನ ಜಾಗದಲ್ಲೇ ನೆಟ್ಟಿರುತ್ತದೆ. ಇಬ್ಬರೂ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುತ್ತಿರುವುದಿಲ್ಲ. ಆ ತಪ್ಪು ಎಡಿಟಿಂಗ್ ಟೇಬಲ್ಲಿನಲ್ಲಿ ಹುಟ್ಟಿದ್ದಲ್ಲ, ಶೂಟಿಂಗ್ ದಿನವೇ ಒಳಗೆ ಸೇರಿಕೊಂಡದ್ದು.

ಇದನ್ನು ಬಿಡಿಸಿ ಹೇಳಲು ದಾವಣಗೆರೆಯ ಒಂದು ಮನೆಯ ದೃಶ್ಯ ಕಟ್ಟಿಕೊಳ್ಳೋಣ. ಬಸಣ್ಣ, ಮಲ್ಲೇಶಿ ಅವಳಿಗಳು. ನಾಲ್ಕು ನಿಮಿಷ ಮೊದಲು ಹುಟ್ಟಿದ ಬಸಣ್ಣನಿಗೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲ್ಲಾಲಿ ಅಂಗಡಿ. ಮಲ್ಲೇಶಿ ಚಿತ್ರದುರ್ಗದಲ್ಲಿ ಮೇಷ್ಟ್ರು. ಹೊಲ ಪಾಲಾದ ಮೇಲೆ ಮಾತು ಬಿಟ್ಟಿದ್ದ ಇಬ್ಬರೂ ಪಡಸಾಲೆಯ ಮೇಜಿನ ಎದುರುಬದುರು ಕೂತಿದ್ದಾರೆ. ಬಸಣ್ಣ ಮಂಡಕ್ಕಿ ಮಿರ್ಚಿಯ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿ, ‘ತಗಳಲೇ ತಮ್ಮ, ಆರಿ ಹೋಗ್ತತಿ’ ಅನ್ನುತ್ತಾನೆ. ಮಲ್ಲೇಶಿ ಒಂದು ಕ್ಷಣ ಅಣ್ಣನ ಮುಖ ನೋಡಿ, ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಇಷ್ಟೇ ದೃಶ್ಯ. ನಟ ಒಬ್ಬನೇ.

ಮೊದಲು ಮಾಡುವ ಕೆಲಸ ಲೆಕ್ಕ. ಈ ದೃಶ್ಯ ಹತ್ತು ಶಾಟ್ ಆದರೆ ಎರಡೂ ಮುಖ ಒಟ್ಟಿಗೆ ಕಾಣಲೇಬೇಕಾದವು ಎಷ್ಟು? ಎರಡೋ ಮೂರೋ. ಉಳಿದವನ್ನೆಲ್ಲ ಒಬ್ಬನ ಹೆಗಲ ಮೇಲಿಂದ ಇನ್ನೊಬ್ಬನ ಮುಖಕ್ಕೆ ಕ್ಯಾಮೆರಾ ಇಟ್ಟು ತೆಗೆಯಬಹುದು. ಅಲ್ಲಿ ಬೆನ್ನು ತೋರಿಸುವವನು ಡ್ಯೂಪ್. ಡ್ಯೂಪ್ ಆರಿಸುವಾಗ ಎಲ್ಲರೂ ಎತ್ತರ, ಮೈಕಟ್ಟು ನೋಡುತ್ತಾರೆ. ಆದರೆ ಹೆಗಲ ಮೇಲಿಂದ ತೆಗೆದ ಶಾಟಿನಲ್ಲಿ ಎದ್ದು ಕಾಣುವುದು ಕಿವಿ, ಕತ್ತು ಮತ್ತು ಹಿಂದಲೆಯ ಕೂದಲಿನ ಅಂಚು. ಕಿವಿ ಬೇರೆಯಾದರೆ ಪ್ರೇಕ್ಷಕನಿಗೆ ಇಂಥದ್ದೇ ಅಂತ ಗೊತ್ತಾಗದಿದ್ದರೂ ಇವನು ಬೇರೆ ಮನುಷ್ಯ ಅನ್ನಿಸಿಬಿಡುತ್ತದೆ. ಇನ್ನೂ ಮುಖ್ಯವಾದದ್ದು, ಡ್ಯೂಪ್ ಆದವನಿಗೆ ನಟನೆ ಬರಬೇಕು. ಅವನ ಮುಖ ಒಂದು ಫ್ರೇಮಿನಲ್ಲೂ ಉಳಿಯುವುದಿಲ್ಲ ನಿಜ, ಆದರೆ ನಾಯಕನ ಮುಖದಲ್ಲಿ ಹುಟ್ಟುವ ಪ್ರತಿಕ್ರಿಯೆ ಅವನು ಕೊಡುವ ಮಾತಿನಿಂದಲೇ ಬರುತ್ತದೆ. ಸೆಟ್ಟಿನಲ್ಲಿ ಖಾಲಿ ಕೂತಿರುವ ಯಾರನ್ನೋ ಎಳೆದು ತಂದು ಕೂರಿಸಿದರೆ ದೃಶ್ಯ ಅಲ್ಲಿಗೇ ಅರ್ಧ ಸತ್ತಂತೆ.

ಇನ್ನು ಎರಡೂ ಮುಖ ಕಾಣುವ ಶಾಟ್. ಕ್ಯಾಮೆರಾ ಮೇಜಿನ ಪಕ್ಕಕ್ಕೆ, ಎಡಗಡೆ ಬಸಣ್ಣ, ಬಲಗಡೆ ಮಲ್ಲೇಶಿ. ಇದನ್ನು ಎರಡು ಸಲ ತೆಗೆಯುತ್ತೇವೆ. ಮೊದಲು ನಟ ಬಸಣ್ಣನಾಗಿ ಎಡಗಡೆ, ಡ್ಯೂಪ್ ಬಲಗಡೆ. ಆಮೇಲೆ ನಟ ಮಲ್ಲೇಶಿಯಾಗಿ ಬಲಗಡೆ, ಡ್ಯೂಪ್ ಎಡಗಡೆ. ಮೊದಲನೆಯದರ ಎಡ ಅರ್ಧವನ್ನೂ ಎರಡನೆಯದರ ಬಲ ಅರ್ಧವನ್ನೂ ಸೇರಿಸಿದರೆ ಡ್ಯೂಪ್ ಎರಡೂ ಕಡೆಯಿಂದ ಮಾಯವಾಗಿ ನಟ ಎರಡೂ ಕಡೆ ಉಳಿಯುತ್ತಾನೆ.

ಎರಡೂ ಟೇಕ್ ಮುಗಿಯುವವರೆಗೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಟ್ರೈಪಾಡ್ ಕಾಲಿಗೆ ಮರಳು ಚೀಲ ಕಟ್ಟುವುದು ಎಲ್ಲರಿಗೂ ಗೊತ್ತು. ಕೆಲಸ ಕೆಡುವುದು ಬೇರೆ ಕಡೆ. ನಡುವೆ ಬ್ಯಾಟರಿ ಮುಗಿಯಿತು ಎನ್ನಿ. ಬದಲಾಯಿಸಲು ಕ್ಯಾಮೆರಾದ ಮುಚ್ಚಳ ತೆಗೆದಿರೋ, ಫ್ರೇಮ್ ಸರಿದಂತೆಯೇ. ಆದ್ದರಿಂದ ಕರೆಂಟಿನ ಅಡಾಪ್ಟರ್, ದೊಡ್ಡ ಮೆಮೊರಿ ಕಾರ್ಡ್, ಶುರು ಮಾಡಲು ರಿಮೋಟ್ ಇರಬೇಕು. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಸೌಲಭ್ಯವನ್ನು ಆಫ್ ಮಾಡಬೇಕು, ಏಕೆಂದರೆ ಟ್ರೈಪಾಡ್ ಮೇಲೂ ಅದು ಚಿತ್ರವನ್ನು ಒಳಗೊಳಗೇ ಸರಿಸಬಲ್ಲದು. ಫೋಕಸ್, ಎಕ್ಸ್‌ಪೋಷರ್, ಬಣ್ಣದ ಹದ ಮೂರನ್ನೂ ಕೈಯಾರೆ ಕೂರಿಸಿ, ಲೆನ್ಸಿನ ಉಂಗುರಗಳಿಗೆ ಟೇಪ್ ಹಚ್ಚಿಬಿಡಬೇಕು. ಎಷ್ಟೋ ಲೆನ್ಸುಗಳಲ್ಲಿ ಫೋಕಸ್ ತಿರುಗಿಸಿದರೆ ಚಿತ್ರದ ಗಾತ್ರವೇ ಒಂದಿಷ್ಟು ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಆಗ ಮೇಜಿನ ಅಂಚು ನಡುವೆ ಮುರಿದಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಇರಲಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಮಿನುಗು ಕಾಣುವುದಿಲ್ಲ. ಕಡೆಯಲ್ಲಿ ಯಾರೂ ಇಲ್ಲದ ಖಾಲಿ ಮೇಜು, ಕುರ್ಚಿಯನ್ನು ಒಂದಿಷ್ಟು ಹೊತ್ತು ತೆಗೆದಿಟ್ಟುಕೊಳ್ಳಬೇಕು. ಡ್ಯೂಪಿನ ಮೊಣಕೈ ಎಲ್ಲೋ ಗೆರೆ ದಾಟಿ ಬಂದಿದ್ದರೆ ಅದನ್ನು ಮುಚ್ಚಲು ತೇಪೆ ಸಿಗುವುದು ಆ ಖಾಲಿ ಚಿತ್ರದಿಂದ.

ಈಗ ತಟ್ಟೆಯ ವಿಷಯ. ಗೆರೆ ಫ್ರೇಮಿನ ನಟ್ಟನಡುವೆ ನೇರವಾಗಿಯೇ ಇರಬೇಕೆಂದು ಹೊಸಬರು ತಿಳಿಯುತ್ತಾರೆ. ಹಾಗೇನಿಲ್ಲ. ಗೆರೆ ಬಾಗಬಹುದು, ಕುರ್ಚಿಯ ಅಂಚಿನಲ್ಲಿ ಹೋಗಬಹುದು, ಮುಖ್ಯವಾಗಿ ಶಾಟ್ ನಡೆಯುತ್ತಿರುವಾಗಲೇ ಜಾಗ ಬದಲಿಸಬಹುದು. ತಟ್ಟೆ ಕೈ ಬದಲಾಗುವುದು ಇದರಿಂದಲೇ.

ಮೊದಲ ಟೇಕಿನಲ್ಲಿ ನಟ ಬಸಣ್ಣನಾಗಿ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಟೇಕ್ ಓಕೆ ಆಯಿತು. ಅಲ್ಲಿಂದ ಮುಂದೆ ಯಾರೂ ಆ ತಟ್ಟೆ ಮುಟ್ಟಬಾರದು. ನಟ ಬಟ್ಟೆ ಬದಲಿಸಿಕೊಂಡು ಬರುವವರೆಗೆ ತಟ್ಟೆ ಅಲ್ಲೇ ಇರುತ್ತದೆ. ಎರಡನೇ ಟೇಕ್ ಶುರುವಾಗುವಾಗಲೇ ತಟ್ಟೆ ನಡುವೆ ಇದೆ. ಮಲ್ಲೇಶಿ ಅದನ್ನು ಎಳೆದುಕೊಳ್ಳುತ್ತಾನೆ. ಕೂಡಿಸುವಾಗ ಆರಂಭದಲ್ಲಿ ಗೆರೆಯನ್ನು ತಟ್ಟೆ ನಿಲ್ಲುವ ಜಾಗದ ಬಲಕ್ಕೆ ಇಡುತ್ತೇವೆ. ಆಗ ಮೇಜಿನ ನಡುಭಾಗ ಬಸಣ್ಣನ ಟೇಕಿಗೆ ಸೇರಿದ್ದು. ಮೊದಲು ಖಾಲಿ ಇರುತ್ತದೆ, ಆಮೇಲೆ ತಟ್ಟೆ ಬರುತ್ತದೆ. ಬಸಣ್ಣನ ಕೈ ಹಿಂದೆ ಹೋದ ಗಳಿಗೆಯಲ್ಲಿ ಎರಡೂ ಟೇಕುಗಳಲ್ಲಿ ತಟ್ಟೆ ಒಂದೇ ಜಾಗದಲ್ಲಿ, ಒಂದೇ ನೆರಳಿನೊಂದಿಗೆ ಸುಮ್ಮನೆ ಕೂತಿದೆ. ಆ ಒಂದು ಫ್ರೇಮಿನಲ್ಲಿ ಗೆರೆಯನ್ನು ಹಾರಿಸಿ ತಟ್ಟೆಯ ಎಡಕ್ಕೆ ತಂದುಬಿಡುತ್ತೇವೆ. ಈಗ ತಟ್ಟೆ ಮಲ್ಲೇಶಿಯ ಟೇಕಿಗೆ ಸೇರಿತು. ಅವನ ಕೈ ಬರುತ್ತದೆ, ಎಳೆದುಕೊಳ್ಳುತ್ತದೆ. ನೋಡುವವನಿಗೆ ಒಂದೇ ತಟ್ಟೆ ಅಣ್ಣನ ಕೈಯಿಂದ ತಮ್ಮನ ಕೈಗೆ ಹೋದದ್ದು ಕಾಣುತ್ತದೆ. ಇಷ್ಟು ಚೆಂದದ ಉಪಾಯ ಬೇರೊಂದು ನನಗೆ ಗೊತ್ತಿಲ್ಲ.

ಅದಕ್ಕೆ ನಟನಿಗೆ ಮೊದಲೇ ಹೇಳಬೇಕಾದ್ದು ಒಂದೇ: ಕೈ ಹಿಂದೆ ತಗೊಂಡ ಮೇಲೆ ಅರ್ಧ ಸೆಕೆಂಡಾದರೂ ತಟ್ಟೆಯ ಹತ್ತಿರ ಯಾರ ಕೈಯೂ ಇರಕೂಡದು. ಗೆರೆ ಹಾರಲು ಆ ಬಿಡುವು ಬೇಕು. ಇನ್ನೊಂದು ಮಾತು ಮಂಡಕ್ಕಿಯದು. ಟೊಮೆಟೊ ಹಾಕಿದ ಒಗ್ಗರಣೆ ಮಂಡಕ್ಕಿ ಇಟ್ಟರೆ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಗುಡ್ಡೆ ಕುಸಿಯುತ್ತದೆ, ಗೆರೆ ಹಾರಿದ ಫ್ರೇಮಿನಲ್ಲಿ ಮಂಡಕ್ಕಿ ಗಕ್ಕನೆ ತಗ್ಗಿದಂತೆ ಕಾಣುತ್ತದೆ. ಒಣ ಖಾರ ಮಂಡಕ್ಕಿ ಆದರೆ ಕೂತಲ್ಲೇ ಕೂತಿರುತ್ತದೆ. ಮಿರ್ಚಿಯಿಂದ ಹಬೆ ಏಳುವುದು ಬೇಕಿದ್ದರೆ ಅದನ್ನು ಬೇರೆ ಕ್ಲೋಸಪ್ಪಿನಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ಮೇಲೆ ಫ್ಯಾನ್ ತಿರುಗುತ್ತಿರಬಾರದು. ಅದರ ನೆರಳು ಮೇಜಿನ ಮೇಲೆ ಓಡುತ್ತಿದ್ದರೆ ಎರಡು ಟೇಕಿನ ನೆರಳುಗಳು ಗೆರೆಯಲ್ಲಿ ಸೇರುವುದೇ ಇಲ್ಲ.

ನೆರಳಿನ ಮಾತು ಬಂದದ್ದರಿಂದ ಹೇಳುತ್ತೇನೆ, ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಕಿಟಕಿ ಬಸಣ್ಣನ ಬೆನ್ನ ಹಿಂದೆ ಇದ್ದರೆ ಅವನ ನೆರಳು ಮೇಜಿನ ಮೇಲೆ ಮಲ್ಲೇಶಿಯ ಕಡೆಗೆ ಚಾಚಿರುತ್ತದೆ. ಎರಡನೇ ಟೇಕಿನಲ್ಲಿ ಎಡಗಡೆಯ ಕುರ್ಚಿ ಖಾಲಿ ಬಿಟ್ಟರೆ ಆ ನೆರಳಿರುವುದಿಲ್ಲ, ಗೆರೆಯಲ್ಲಿ ನೆರಳು ಕತ್ತರಿಸಿದಂತೆ ನಿಂತುಬಿಡುತ್ತದೆ. ಬಸಣ್ಣನ ಬಿಳಿ ಅಂಗಿಯಿಂದ ಚಿಮ್ಮುವ ಬೆಳಕು ಕೂಡ ಮಲ್ಲೇಶಿಯ ಕೆನ್ನೆಗೆ ಬೀಳಬೇಕು. ಹಾಗಾಗಿ ಡ್ಯೂಪ್ ಖಾಲಿ ಕುರ್ಚಿ ತುಂಬಿಸಲು ಕೂತವನಲ್ಲ. ಅದೇ ಬಿಳಿ ಅಂಗಿ ತೊಟ್ಟು, ಅಷ್ಟೇ ಎತ್ತರಕ್ಕೆ ಕೂತು, ಆ ನೆರಳನ್ನೂ ಬೆಳಕನ್ನೂ ಒದಗಿಸುವವನು. ಮೇಜಿನ ಮೇಲೆ ಸ್ಟೀಲ್ ಲೋಟ ಇದ್ದರೆ ಅದರಲ್ಲಿ ಯಾರ ಮುಖ ಮೂಡುತ್ತಿದೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಯಾರನ್ನು ಮೊದಲು ತೆಗೆಯಬೇಕು? ಸಂಭಾಷಣೆಯ ಲಗಾಮು ಯಾರ ಕೈಯಲ್ಲಿದೆಯೋ ಅವನನ್ನು. ಇಲ್ಲಿ ಮಾತು ತೆಗೆಯುವವನು, ತಟ್ಟೆ ತಳ್ಳುವವನು ಬಸಣ್ಣ. ಅವನ ಟೇಕ್ ಒಮ್ಮೆ ಓಕೆ ಆದರೆ ದೃಶ್ಯದ ಓಟ ಅಲ್ಲಿಗೆ ನಿಗದಿಯಾಯಿತು. ಮಲ್ಲೇಶಿ ಅದಕ್ಕೆ ಹೊಂದಿಕೊಂಡು ನಡೆಯಬೇಕು. ಎಂದಾದರೂ ಹಿಂದುಮುಂದಾಗಿ ಮೊದಲು ಮಲ್ಲೇಶಿಯನ್ನು ತೆಗೆದರೆ, ಇನ್ನೂ ಆಡಿರದ ಮಾತಿಗೆ ಪ್ರತಿಕ್ರಿಯೆ ಕೊಟ್ಟಂತೆ ಆಗುತ್ತದೆ. ಆದ್ದರಿಂದಲೇ ಬಟ್ಟೆ ಬದಲಿಸುವ ಮುಂಚೆ ನಿರ್ದೇಶಕ ಮಾನಿಟರ್ ಮುಂದೆ ಕೂತು ಇದೇ ಟೇಕ್ ಅಂತ ಒಂದನ್ನು ಆರಿಸಿಬಿಡಬೇಕು. ಎಡಿಟಿಂಗಿನಲ್ಲಿ ನೋಡೋಣ ಎಂದು ಮುಂದೂಡುವ ಹಾಗಿಲ್ಲ, ಏಕೆಂದರೆ ಎರಡನೇ ಅರ್ಧ ಹುಟ್ಟುವುದೇ ಅದರ ಮೇಲೆ.

ಆರಿಸಿದ ಟೇಕಿನ ಧ್ವನಿಯನ್ನು ಮಲ್ಲೇಶಿಯಾದ ನಟನ ಕಿವಿಗೆ ಸಣ್ಣ ಇಯರ್‌ಪೀಸಿನಲ್ಲಿ ಕೊಡುತ್ತಾರೆ. ಕ್ಯಾಮೆರಾಗೆ ಕಾಣದ ಕಡೆಯ ಕಿವಿಗೆ. ತನ್ನದೇ ದನಿ ಬಸಣ್ಣನಾಗಿ ಮಾತಾಡುವುದನ್ನು ಕೇಳಿಕೊಂಡು ಅವನು ಉತ್ತರಿಸುತ್ತಾನೆ. ಇಲ್ಲಿ ಕಣ್ಣಿನ ಪ್ರಶ್ನೆ ಏಳುತ್ತದೆ. ಸ್ಟ್ಯಾಂಡಿಗೆ ಒಂದು ಟೇಪ್ ಅಂಟಿಸಿ ‘ಇದನ್ನೇ ನೋಡಪ್ಪ’ ಎನ್ನುವುದು ಸುಲಭ. ಆದರೆ ಬಸಣ್ಣ ‘ತಗಳಲೇ’ ಅನ್ನುವಾಗ ಮುಂದಕ್ಕೆ ಬಾಗಿ ತಲೆ ತಗ್ಗಿಸಿದ್ದಾನೆ, ಟೇಪ್ ಮಾತ್ರ ಇದ್ದಲ್ಲೇ ಇದೆ. ಇಬ್ಬರ ಮುಖಗಳ ನಡುವೆ 1.2 ಮೀಟರ್ ಇದ್ದರೆ, ನೋಟ 10 ಸೆಂಟಿಮೀಟರ್ ತಪ್ಪಿದರೂ ಸುಮಾರು 5 ಡಿಗ್ರಿ ಆಚೀಚೆ ಆಗುತ್ತದೆ. ಎದುರಿನವನು ಕಣ್ಣಿಗೆ ಕಣ್ಣು ಕೊಟ್ಟಿದ್ದಾನೋ ಕಿವಿ ನೋಡುತ್ತಿದ್ದಾನೋ ಎಂದು ಗುರುತಿಸುವುದರಲ್ಲಿ ಮನುಷ್ಯರೆಲ್ಲ ಬಲು ಚುರುಕು. ಪ್ರೇಕ್ಷಕ ಹಿಡಿಯುವುದು ಇದನ್ನೇ. ಪರಿಹಾರ ಮತ್ತೆ ಡ್ಯೂಪ್. ಅವನು ಓಕೆ ಆದ ಟೇಕನ್ನು ನೋಡಿ ನೋಡಿ ಬಸಣ್ಣ ಯಾವ ಪದಕ್ಕೆ ಬಾಗಿದ, ಯಾವಾಗ ಹಿಂದಕ್ಕೆ ಒರಗಿದ ಎಂಬುದನ್ನು ಬಾಯಿಪಾಠ ಮಾಡಿಕೊಂಡು, ಧ್ವನಿಗೆ ಸರಿಯಾಗಿ ಅದನ್ನೇ ಮಾಡಬೇಕು. ಆಗ ನಟ ನಿಜವಾಗಿ ಚಲಿಸುವ ಒಂದು ಮುಖವನ್ನು ನೋಡುತ್ತಿರುತ್ತಾನೆ.

ಮಾತುಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವುದೂ ಮುಖ್ಯ. ಡ್ಯೂಪಿನ ದನಿ ನಟನ ದನಿಯೊಳಗೆ ಬೆರೆತರೆ ಬಿಡಿಸುವುದು ಕಷ್ಟ, ಕಡೆಗೆ ಡಬ್ಬಿಂಗೇ ಗತಿ. ಶೂಟಿಂಗಿನಲ್ಲಿ ಮಾತುಗಳ ನಡುವೆ ತುಸು ಜಾಗ ಬಿಟ್ಟು, ಆಮೇಲೆ ಎಡಿಟಿಂಗಿನಲ್ಲಿ ಒಂದು ಅರ್ಧವನ್ನು ಹಿಂದೆ ಮುಂದೆ ಜಾರಿಸಿ ಆ ಜಾಗ ಮುಚ್ಚಬಹುದು.

ಬೆಳಕು ಮತ್ತು ಹೊತ್ತಿನ ವಿಷಯಕ್ಕೆ ಬಂದರೆ, ಮನೆಯೊಳಗೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ದೀಪದಿಂದ ಬೆಳಗಿದರೆ ಚಿಂತೆಯಿಲ್ಲ. ಇದೇ ಅಣ್ಣತಮ್ಮಂದಿರನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದರೆ ಕಥೆಯೇ ಬೇರೆ. ಪುರಾತತ್ವ ಇಲಾಖೆಯ ಅನುಮತಿ ಸಿಕ್ಕಿತು, ಏಕನಾಥೇಶ್ವರಿ ಗುಡಿಯ ಹತ್ತಿರದ ಬಂಡೆಯ ಮೇಲೆ ಇಬ್ಬರೂ ನಿಂತಿದ್ದಾರೆ, ಬೇಸಿಗೆಯ ಬೆಳಗು, ಸೂರ್ಯ 45 ಡಿಗ್ರಿ ಮೇಲಿದ್ದಾನೆ ಎಂದುಕೊಳ್ಳಿ. 1.7 ಮೀಟರ್ ಎತ್ತರದ ನಟನ ನೆರಳೂ 1.7 ಮೀಟರ್ ಉದ್ದ. ಆಕಾಶದಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಮೀಸೆ ತೆಗೆದು, ಕೂದಲು ಬಾಚಿ, ಬಟ್ಟೆ ಬದಲಿಸಿ ಬರಲು 40 ನಿಮಿಷವಾದರೆ ಸೂರ್ಯ ಹತ್ತಿರ ಹತ್ತಿರ 55 ಡಿಗ್ರಿಗೆ ಏರಿರುತ್ತಾನೆ, ನೆರಳು 1.2 ಮೀಟರಿಗೆ ಇಳಿದಿರುತ್ತದೆ. ಒಂದೇ ಬಂಡೆಯ ಮೇಲೆ ಅಕ್ಕಪಕ್ಕ ನಿಂತ ಅವಳಿಗಳಲ್ಲಿ ಒಬ್ಬನ ನೆರಳು ಅರ್ಧ ಮೀಟರ್ ಗಿಡ್ಡ. ಎಷ್ಟೇ ಒಳ್ಳೆಯ ಎಡಿಟರ್ ಇದ್ದರೂ ಇದನ್ನು ಸರಿಮಾಡುವುದಕ್ಕಿಂತ ಮತ್ತೆ ಶೂಟ್ ಮಾಡುವುದು ವಾಸಿ.

ಇದಕ್ಕೆ ಮದ್ದು ಇರುವುದು ಕಥೆ ಬರೆಯುವ ಹಂತದಲ್ಲೇ. ಅವಳಿಗಳ ವ್ಯತ್ಯಾಸವನ್ನು ಮೀಸೆಯಲ್ಲಿ ಇಡುವ ಬದಲು ಐದು ನಿಮಿಷದಲ್ಲಿ ಬದಲಿಸಬಲ್ಲ ವಸ್ತುವಿನಲ್ಲಿ ಇಡಬೇಕು. ಒಬ್ಬನಿಗೆ ಹೆಗಲ ಮೇಲೆ ಟವೆಲ್ಲು, ಇನ್ನೊಬ್ಬನಿಗೆ ಕನ್ನಡಕ. ಐದು ನಿಮಿಷದಲ್ಲಿ ಸೂರ್ಯ ಒಂದೂಕಾಲು ಡಿಗ್ರಿ ಸರಿದರೆ ನೆರಳಿನ ವ್ಯತ್ಯಾಸ ಏಳೆಂಟು ಸೆಂಟಿಮೀಟರ್ ಅಷ್ಟೇ, ಯಾರ ಕಣ್ಣಿಗೂ ಬೀಳುವುದಿಲ್ಲ. ಉಳಿದ ವ್ಯತ್ಯಾಸವನ್ನು ನಟ ನಡಿಗೆಯಲ್ಲಿ, ಮಾತಿನ ಎಳೆತದಲ್ಲಿ, ಕೈ ಇಟ್ಟುಕೊಳ್ಳುವ ರೀತಿಯಲ್ಲಿ ತೋರಿಸಲಿ. ಹಾಗೆ ಮಾಡಿದ ದ್ವಿಪಾತ್ರವೇ ನನಗೆ ಹೆಚ್ಚು ಇಷ್ಟ. ಅದೂ ಆಗದಿದ್ದರೆ ದೊಡ್ಡ ಬಂಡೆಯ ನೆರಳೊಳಗೆ ಇಬ್ಬರನ್ನೂ ನಿಲ್ಲಿಸಬಹುದು.

ಫಿಲ್ಮ್ ಇದ್ದ ಕಾಲದಲ್ಲಿ ಇದೆಲ್ಲ ಕ್ಯಾಮೆರಾದೊಳಗೇ ಆಗಬೇಕಿತ್ತು. ಲೆನ್ಸಿನ ಮುಂದೆ ಕಪ್ಪು ತಗಡಿನ ಮಾಸ್ಕ್ ಇಟ್ಟು ಅರ್ಧ ಮುಚ್ಚಿ ಒಂದು ಪಾತ್ರ ತೆಗೆದು, ಅದೇ ನೆಗೆಟಿವನ್ನು ಗುರುತು ಹಾಕಿದ ಫ್ರೇಮಿಗೆ ಹಿಂದಕ್ಕೆ ಸುತ್ತಿ, ಈಗ ಉಳಿದರ್ಧ ತೆರೆದು ಎರಡನೇ ಪಾತ್ರ ತೆಗೆಯುವುದು. ಮಾಸ್ಕ್ ಲೆನ್ಸಿಗೆ ತೀರ ಹತ್ತಿರ ಇರುವುದರಿಂದ ಅದರ ಅಂಚು ಮಸುಕಾಗಿ ಮೂಡಿ, ಎರಡು ಅರ್ಧಗಳು ತಾವಾಗಿ ಬೆರೆಯುತ್ತಿದ್ದವು. ಆದರೆ ಎರಡು ಟೇಕಿನ ನಡುವೆ ಅಪರ್ಚರ್ ಬದಲಾದರೆ ಆ ಮಸುಕಿನ ಅಗಲವೂ ಬದಲಾಗಿ ನಡುವೆ ಕಪ್ಪು ಇಲ್ಲವೇ ಬಿಳಿ ಪಟ್ಟಿ ಬೀಳುತ್ತಿತ್ತು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1900ರಲ್ಲೇ ನೆಗೆಟಿವನ್ನು ಮತ್ತೆ ಮತ್ತೆ ಹಾಯಿಸಿ ತನ್ನನ್ನೇ ಏಳು ವಾದ್ಯಗಾರರನ್ನಾಗಿ ಒಂದೇ ಸಾಲಿನಲ್ಲಿ ಕೂರಿಸಿದ್ದ. 1977ರ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ಅರ್ಜುನನೂ ಆಗಿ ಬಭ್ರುವಾಹನನೂ ಆಗಿ ಎದುರಾದಾಗ ನಮ್ಮವರ ಕೈಯಲ್ಲಿದ್ದದ್ದೂ ಕಂಪ್ಯೂಟರ್ ಇಲ್ಲದ ಆ ಕಾಲದ ವಿದ್ಯೆಯೇ. ಮಾಸ್ಕ್ ಶಾಟಿನಲ್ಲಿ ಎರಡನೇ ಪಾತ್ರದ ಟೇಕ್ ಕೆಟ್ಟರೆ ಚೆನ್ನಾಗಿ ಬಂದಿದ್ದ ಮೊದಲನೆಯದೂ ಹಾಳು. ಕೆಟ್ಟಿದೆ ಎಂದು ತಿಳಿಯುವುದೂ ಲ್ಯಾಬಿನಿಂದ ತೊಳೆದು ಬಂದ ಮೇಲೆ.

ಬಸಣ್ಣ ಎದ್ದು ಬಂದು ತಮ್ಮನ ಹೆಗಲ ಮೇಲೆ ಕೈ ಇಟ್ಟರೆ? ಗೆರೆಯ ಉಪಾಯ ಇಲ್ಲಿಗೆ ಮುಗಿಯುತ್ತದೆ. ಕೈ ಅಂಗಿಯನ್ನು ಒತ್ತಬೇಕು, ಬಟ್ಟೆ ಮಡಿಕೆ ಬೀಳಬೇಕು, ಹೆಗಲು ತುಸು ತಗ್ಗಬೇಕು. ಇದಕ್ಕೆ ನಿಜವಾದ ಎರಡು ದೇಹಗಳೇ ಬೇಕು. ಡ್ಯೂಪಿನ ದೇಹವನ್ನು ಹಾಗೇ ಉಳಿಸಿಕೊಂಡು ಮುಖ ಮಾತ್ರ ಬದಲಿಸುತ್ತಾರೆ. 2010ರ ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರದ ಅವಳಿಗಳಲ್ಲಿ ಒಬ್ಬನ ದೇಹ ಜಾಶ್ ಪೆನ್ಸ್ ಎಂಬ ನಟನದು, ಅದರ ಮೇಲಿನ ಮುಖ ಆರ್ಮಿ ಹ್ಯಾಮರ್‌ನದು. ಅಷ್ಟು ಖರ್ಚು ಮಾಡಲಾಗದವರು ಕೈಯನ್ನು ಕ್ಲೋಸಪ್ಪಿನಲ್ಲಿ ತೆಗೆದು, ಮುಖ ತೋರಿಸುವಾಗ ಕೈ ಫ್ರೇಮಿನಿಂದ ಹೊರಗಿರುವಂತೆ ಕತ್ತರಿಸಿಕೊಳ್ಳುತ್ತಾರೆ. ಕ್ಯಾಮೆರಾ ಚಲಿಸಲೇಬೇಕು ಎಂದರೂ ಸಣ್ಣ ತಂಡಕ್ಕೆ ಒಂದು ದಾರಿ ಇದೆ. ಒಂದೇ ಚಲನೆಯನ್ನು ಮತ್ತೆ ಮತ್ತೆ ತಪ್ಪದೆ ಮಾಡುವ ಮೋಷನ್ ಕಂಟ್ರೋಲ್ ಯಂತ್ರ ಬಾಡಿಗೆಗೆ ತರುವ ಬದಲು, ಅಲುಗದ ಶಾಟನ್ನು 3840 x 2160ರಲ್ಲಿ ತೆಗೆದು, ಕೂಡಿಸಿದ ಮೇಲೆ 1920 x 1080ರ ಚೌಕಟ್ಟನ್ನು ಅದರೊಳಗೆ ಮೆಲ್ಲಗೆ ಸರಿಸಬಹುದು. ತಮ್ಮ ಮಾತಾಡುವಾಗ ಚೌಕಟ್ಟು ಅವನ ಕಡೆ ತುಸು ವಾಲಿದರೂ ಸಾಕು, ಯಾರಿಗೂ ಟ್ರೈಪಾಡ್ ನೆನಪಾಗುವುದಿಲ್ಲ.

ಕೂಡಿಸಿದ ಶಾಟನ್ನು ಪರೀಕ್ಷಿಸಲು ಧ್ವನಿ ಆಫ್ ಮಾಡಿ, ಮಾತಾಡದೆ ಕೇಳುತ್ತಿರುವವನನ್ನೇ ನೋಡಬೇಕು. ಬಸಣ್ಣ ತಟ್ಟೆ ತಳ್ಳಿದಾಗ ಮಲ್ಲೇಶಿಯ ಕಣ್ಣು ಯಾವಾಗ ಕೆಳಗಿಳಿಯಿತು? ಮನುಷ್ಯ ಕಂಡದ್ದಕ್ಕೆ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು, ಅಂದರೆ 25ರ ವೇಗದಲ್ಲಿ ಸುಮಾರು ಐದು ಫ್ರೇಮ್. ತಟ್ಟೆ ಕದಲಿದ ಫ್ರೇಮಿನಲ್ಲೇ ಕಣ್ಣು ಇಳಿದಿದ್ದರೆ ಅವನಿಗೆ ಮೊದಲೇ ಗೊತ್ತಿತ್ತು ಎಂದಾಯಿತು. ಮಲ್ಲೇಶಿಯ ಅರ್ಧವನ್ನು ಐದು ಫ್ರೇಮ್ ತಡವಾಗಿಸಿ ಮತ್ತೆ ನೋಡಿ. ಆದರೆ ಹಾಗೆ ಜಾರಿಸಿದ ಮೇಲೆ ಗೆರೆ ಹಾರುವ ಫ್ರೇಮನ್ನೂ ಇನ್ನೊಮ್ಮೆ ನೋಡಿಕೊಳ್ಳಬೇಕು. ಅವನ ಕೈ ತಟ್ಟೆಗೆ ಬರುವ ಹೊತ್ತೂ ಐದು ಫ್ರೇಮ್ ಮುಂದೆ ಹೋಗಿರುತ್ತದೆ.